ಸ್ಕ್ರೀನ್‌ಶಾಟ್‌ನಿಂದ ಹ್ಯಾಶ್‌ವರೆಗೆ: ವಾಟ್ಸ್‌ಆ್ಯಪ್ ಮಾತು ಸಾಕ್ಷ್ಯವಾದ ಬಗೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿದವರು ಅಡ್ವಾನ್ಸ್ ಹಣ ವಾಪಸ್ ಬರಲಿಲ್ಲವೆಂದು ವಕೀಲರ ಬಳಿ ಹೋದರೆ, ಮೊದಲು ಮುಂದಿಡುವುದು ಸ್ಕ್ರೀನ್‌ಶಾಟ್‌ಗಳ ಒಂದು ಕಟ್ಟು. ‘ಕೊಡ್ತೀನಿ’ ಎಂದು ಓನರ್ ಬರೆದದ್ದು ಅದರಲ್ಲಿ ಸ್ಪಷ್ಟವಾಗಿಯೇ ಇರುತ್ತದೆ. ಆದರೆ ಪಾಟೀಸವಾಲಿನಲ್ಲಿ ಎದುರು ವಕೀಲರು ‘ಏನು ಬರೆದಿದೆ’ ಎಂದು ಕೇಳುವುದಿಲ್ಲ. ಬರೆದವರು ಯಾರು, ಯಾವ ದಿನ ಬರೆದರು, ಅಂದಿನಿಂದ ಇಂದಿನವರೆಗೆ ಅದನ್ನು ಯಾರೂ ತಿದ್ದಿಲ್ಲವೆಂಬುದಕ್ಕೆ ಏನು ಆಧಾರ ಎಂದು ಕೇಳುತ್ತಾರೆ. ನಮ್ಮ ನ್ಯಾಯಾಲಯಗಳು ಈ ಪ್ರಶ್ನೆಗಳಿಗೆ ಒಪ್ಪುವಂಥ ಉತ್ತರ ಹುಡುಕುತ್ತಾ ಕಾಲು ಶತಮಾನ ಕಳೆದಿವೆ. ಆ ದಾರಿ ನೇರವಾಗಿರಲಿಲ್ಲ.

ಕಂಪ್ಯೂಟರಿಗೂ ಮೊದಲು ಈ ತಕರಾರು ಟೇಪ್‌ರೆಕಾರ್ಡರ್ ಜೊತೆ ಬಂದಿತ್ತು. 1985ರಲ್ಲಿ ರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಧ್ವನಿಮುದ್ರಣಕ್ಕೆ ಷರತ್ತುಗಳನ್ನು ಹಾಕಿತು: ದನಿ ಯಾರದೆಂದು ಗುರುತಿಸಬೇಕು, ಅಳಿಸಿ ತಿದ್ದುವ ಸಾಧ್ಯತೆ ಇರಬಾರದು, ಕ್ಯಾಸೆಟ್ಟನ್ನು ಸೀಲ್ ಮಾಡಿ ಜೋಪಾನವಾಗಿ ಇಟ್ಟಿರಬೇಕು. ಇಂದು ವಾಟ್ಸ್‌ಆ್ಯಪ್ ಬಗ್ಗೆ ಕೇಳುವುದೂ ಹೆಚ್ಚುಕಡಿಮೆ ಇಷ್ಟನ್ನೇ. ಒಂದು ವ್ಯತ್ಯಾಸವಿದೆ. ಕ್ಯಾಸೆಟ್ ಎಂಬ ಅಸಲು ವಸ್ತುವನ್ನು ಕೈಯಲ್ಲಿ ಹಿಡಿದು ತೋರಿಸಬಹುದಿತ್ತು. ಕಂಪ್ಯೂಟರಿನ ದಾಖಲೆಯಲ್ಲಿ ಅಸಲು ಯಾವುದು, ನಕಲು ಯಾವುದು?

2000ದ ಅಕ್ಟೋಬರ್ 17ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದಾಗ, 1872ರ ಸಾಕ್ಷ್ಯ ಅಧಿನಿಯಮಕ್ಕೆ 65ಬಿ ಎಂಬ ಕಲಮು ಸೇರಿತು. ಯಂತ್ರದಿಂದ ತೆಗೆದ ಪ್ರಿಂಟ್ ಅಥವಾ ಸಿ.ಡಿ.ಯನ್ನು ಒಪ್ಪಬೇಕಾದರೆ ಆ ಯಂತ್ರದ ಜವಾಬ್ದಾರಿ ಹೊತ್ತವರ ಪ್ರಮಾಣಪತ್ರ ಜೊತೆಗಿರಬೇಕು ಎನ್ನುವುದು ಅದರ ತಿರುಳು. ಮೊದಲ ಕೆಲವು ವರ್ಷ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಸಂಸತ್ತಿನ ಮೇಲಿನ ದಾಳಿಯ ಪ್ರಕರಣದಲ್ಲಿ ಮೊಬೈಲ್ ಕರೆಗಳ ಪಟ್ಟಿಗೆ ಈ ಪತ್ರ ಇರಲಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟ್, ಪತ್ರವಿಲ್ಲದಿದ್ದರೂ ಬೇರೆ ಕಲಮುಗಳ ಅಡಿ ಅದನ್ನು ಒಪ್ಪಬಹುದು ಎಂದುಬಿಟ್ಟಿತು.

ಆ ಸಡಿಲಿಕೆ ಒಂಬತ್ತು ವರ್ಷ ನಡೆಯಿತು. ಕೇರಳದ ಏರನಾಡು ಕ್ಷೇತ್ರದಲ್ಲಿ 2011ರ ಚುನಾವಣೆ ಸೋತ ಪಿ.ವಿ. ಅನ್ವರ್, ಎದುರಾಳಿ ಬಶೀರ್ ಪರವಾಗಿ ಆಕ್ಷೇಪಾರ್ಹ ಹಾಡು, ಭಾಷಣಗಳು ನಡೆದವೆಂದು ದಾವೆ ಹೂಡಿ ಸಿ.ಡಿ.ಗಳನ್ನು ಹಾಜರುಪಡಿಸಿದ್ದರು. ಮುದ್ರಣವನ್ನು ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಸಿ.ಡಿ. ಮಾಡಲಾಗಿತ್ತು, ಪ್ರಮಾಣಪತ್ರ ಇರಲಿಲ್ಲ. 2014ರ ಸೆಪ್ಟೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ 2005ರ ನಿಲುವನ್ನು ತಿರಸ್ಕರಿಸಿತು. ನಕಲು ತಂದರೆ ಪತ್ರ ಬೇಕೇ ಬೇಕು ಎಂದಿತು. ಅಸಲನ್ನೇ ತಂದಿದ್ದರೆ ಮಾತು ಬೇರೆ ಇರುತ್ತಿತ್ತು ಎಂದೂ ಹೇಳಿತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಸಾಮಾನ್ಯ ಜನ ನೆನಪಿಡಬೇಕಾದ ಮಾತು ಈ ಎರಡನೆಯದು.

ಆಮೇಲೆ ಮತ್ತೆ ತೂಗಾಟ. 2018ರ ಜನವರಿಯಲ್ಲಿ ಇಬ್ಬರ ಪೀಠವೊಂದು, ಯಂತ್ರವೇ ಕೈಯಲ್ಲಿಲ್ಲದವರಿಗೆ ಪತ್ರ ಕಡ್ಡಾಯವಲ್ಲ ಎಂದು ಸಡಿಲಿಸಿತು. 2019ರ ಮೇ 1ರಂದು ಕರ್ನಾಟಕ ಲೋಕಾಯುಕ್ತ ಪೊಲೀಸರ ಪ್ರಕರಣವೊಂದರ ತೀರ್ಪು ಬಂತು. ಗುಪ್ತ ಕ್ಯಾಮೆರಾದ ದೃಶ್ಯಕ್ಕೆ ದೋಷಾರೋಪಪಟ್ಟಿಯ ಹೊತ್ತಿಗೆ ಪತ್ರ ಇರಲಿಲ್ಲವೆಂದು ಹೈಕೋರ್ಟ್ ಮೊಕದ್ದಮೆಯನ್ನು ರದ್ದುಪಡಿಸಿತ್ತು. ಆ ಕೊರತೆಯನ್ನು ವಿಚಾರಣೆಯ ಹೊತ್ತಿಗೆ ತುಂಬಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಕೊನೆಗೆ 2020ರ ಜುಲೈ 14ರಂದು ಮಹಾರಾಷ್ಟ್ರದ ಜಾಲ್ನಾ ಕ್ಷೇತ್ರದ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಮೂವರ ಪೀಠ ಗೊಂದಲಕ್ಕೆ ತೆರೆ ಎಳೆಯಿತು. ನಾಮಪತ್ರವನ್ನು ಗಡುವಿನ ನಂತರ ಸ್ವೀಕರಿಸಿದ್ದು ಚುನಾವಣಾಧಿಕಾರಿಯ ಕಚೇರಿಯ ಕ್ಯಾಮೆರಾದಲ್ಲೇ ದಾಖಲಾಗಿತ್ತು. ಎಷ್ಟು ಕೇಳಿದರೂ ಅಧಿಕಾರಿಗಳು ಪ್ರಮಾಣಪತ್ರ ಕೊಟ್ಟಿರಲಿಲ್ಲ. ನಕಲಿಗೆ ಪತ್ರ ಕಡ್ಡಾಯ, ಯಾರಾದರೂ ಕೊಡದೆ ಸತಾಯಿಸಿದರೆ ನ್ಯಾಯಾಲಯದ ಮೂಲಕ ಆದೇಶ ತರಿಸಬೇಕು ಎಂದು ಪೀಠ ಹೇಳಿತು. ಯಂತ್ರದ ಮಾಲೀಕರೇ ಕಟಕಟೆಗೆ ಬಂದು, ‘ಇದು ನನ್ನ ಫೋನ್, ಮೂಲ ಮಾಹಿತಿ ಇದರಲ್ಲೇ ಇದೆ’ ಎಂದು ಫೋನನ್ನೇ ಮುಂದಿಟ್ಟರೆ ಪತ್ರ ಬೇಡ ಎಂದೂ ಸ್ಪಷ್ಟಪಡಿಸಿತು.

ಅಂದರೆ ನಿಮ್ಮ ಜೇಬಿನಲ್ಲಿರುವ ಫೋನ್ ಅಸಲು. ಸ್ಕ್ರೀನ್‌ಶಾಟ್, ಪ್ರಿಂಟ್, ಪೆನ್‌ಡ್ರೈವ್ ಎಲ್ಲವೂ ನಕಲು. ನಕಲಿನಿಂದ ಅಸಲಿಗೆ ಹಿಂದಿರುಗುವ ದಾರಿ ಎಷ್ಟು ನಿಚ್ಚಳವೋ ಅದರ ಬೆಲೆ ಅಷ್ಟೇ.

ಈ ದಾರಿ ಎಲ್ಲಿ ಕೆಡುತ್ತದೆ ಎಂಬುದನ್ನು ಅದೇ ಬಾಡಿಗೆದಾರರ ಫೋನಿನಲ್ಲಿ ನೋಡೋಣ. ವಾಟ್ಸ್‌ಆ್ಯಪ್‌ನಲ್ಲಿ ಚಾಟ್ ತೆರೆದು Export chat ಒತ್ತಿದರೆ ಒಂದು ಪಠ್ಯ ಕಡತ ಬರುತ್ತದೆ. ಅದರ ಒಂದು ಸಾಲು ಹೀಗಿರುತ್ತದೆ:

```
03/04/24, 9:41 pm - ಓನರ್ ಅಂಕಲ್: ತಿಂಗಳ ಕೊನೆಗೆ ಎರಡು ಲಕ್ಷ ಕೊಡ್ತೀನಿ
```

ಇಲ್ಲಿ ಎರಡು ತೂತುಗಳಿವೆ. ‘ಓನರ್ ಅಂಕಲ್’ ಎನ್ನುವುದು ಬಾಡಿಗೆದಾರರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡ ಹೆಸರು. ಯಾವ ನಂಬರಿಗೂ ಆ ಹೆಸರು ಕೊಡಬಹುದು, ಕಡತದಲ್ಲಂತೂ ನಂಬರು ಕಾಣುವುದಿಲ್ಲ. ಆದ್ದರಿಂದ ಚಾಟ್‌ನ ಮೇಲ್ತುದಿಯ ಹೆಸರನ್ನು ಒತ್ತಿದಾಗ ತೆರೆಯುವ, ನಂಬರು ಕಾಣುವ ಪುಟದ ಸ್ಕ್ರೀನ್‌ಶಾಟ್ ಜೊತೆಗಿರಬೇಕು. ಆ ನಂಬರು ಓನರ್‌ದೇ ಎನ್ನಲು ಬಾಡಿಗೆ ಕರಾರಿನಲ್ಲೋ ಯುಪಿಐ ಪಾವತಿಯಲ್ಲೋ ಅದೇ ನಂಬರು ಸಿಕ್ಕರೆ ಇನ್ನೂ ಗಟ್ಟಿ. ಎರಡನೆಯದು ತಾರೀಖು. 03/04 ಎಂದರೆ ಏಪ್ರಿಲ್ 3 ಇರಬಹುದು, ಮಾರ್ಚ್ 4 ಕೂಡ ಇರಬಹುದು. ಅದು ಫೋನಿನ ಭಾಷೆ ಮತ್ತು ಪ್ರದೇಶದ ಸೆಟ್ಟಿಂಗ್ ಮೇಲೆ ನಿಂತಿದೆ. ಅದೇ ಕಡತದಲ್ಲಿ 12ಕ್ಕಿಂತ ದೊಡ್ಡ ದಿನಾಂಕದ ಸಾಲೊಂದನ್ನು ಹುಡುಕಿದರೆ ಅನುಮಾನ ಹೋಗುತ್ತದೆ. 25/04 ಎಂದಿದ್ದರೆ ದಿನ ಮೊದಲು, ತಿಂಗಳು ಆಮೇಲೆ.

ಇದು ಬರಿಯ ಪಠ್ಯ ಕಡತ, ಯಾರು ಬೇಕಾದರೂ ತೆರೆದು ಎರಡು ಲಕ್ಷವನ್ನು ಮೂರು ಲಕ್ಷ ಮಾಡಬಹುದು ಎಂದು ಎದುರಿನವರು ಹೇಳಿದರೆ ಅದು ನಿಜವೇ. ಸ್ಕ್ರೀನ್‌ಶಾಟ್ ಹಾಗೆ ತಿದ್ದಲು ಸುಲಭವಲ್ಲ ಎಂದು ಕೆಲವರು ನಂಬಿದ್ದಾರೆ. ಸುಳ್ಳು ಚಾಟ್ ತಯಾರಿಸಿಕೊಡುವ ಆ್ಯಪ್‌ಗಳು ಬಂದು ಎಷ್ಟೋ ವರ್ಷಗಳಾದವು. ಸ್ಕ್ರೀನ್‌ಶಾಟ್‌ಗೆ ಇನ್ನೊಂದು ಕುಂದೂ ಇದೆ. ಮಾತುಕತೆಯ ನಡುವೆ ತೆಗೆದರೆ ಗಂಟೆ ಕಾಣುತ್ತದೆ, ತಾರೀಖು ಕಾಣುವುದಿಲ್ಲ. ತಾರೀಖಿನ ಪಟ್ಟಿ ಪರದೆಯ ಮೇಲೆ ಬರುವವರೆಗೆ ಸರಿಸಿ, ಪ್ರತಿ ಚಿತ್ರದಲ್ಲೂ ಹಿಂದಿನದರ ಒಂದೆರಡು ಸಂದೇಶ ಮರಳಿ ಬರುವಂತೆ ತೆಗೆದರೆ ನಡುವೆ ಏನೂ ಬಿಟ್ಟಿಲ್ಲವೆಂದು ತೋರುತ್ತದೆ. ಕತ್ತರಿಸುವುದು, ಕೆಂಪು ಗೆರೆ ಎಳೆಯುವುದು ಬೇಡವೇ ಬೇಡ. ವಕೀಲರಿಗೆ ಗುರುತು ಮಾಡಿ ತೋರಿಸಬೇಕಿದ್ದರೆ ಬೇರೆ ಪ್ರತಿಯಲ್ಲಿ ಮಾಡಿ. ವಾಟ್ಸ್‌ಆ್ಯಪ್‌ನಲ್ಲೇ ಫೋಟೋ ಆಗಿ ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿದರೆ ಕಡತ ಇದ್ದಂತೆಯೇ ಹೋಗುತ್ತದೆ.

ಕಾಲವೂ ಬಾಡಿಗೆದಾರರ ಪರವಾಗಿಲ್ಲ. 2023ರ ಮೇ ತಿಂಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು. ‘ತಿದ್ದಲಾಗಿದೆ’ ಎಂಬ ಗುರುತು ಮಾತ್ರ ಉಳಿಯುತ್ತದೆ, ಮೊದಲು ಏನಿತ್ತೆಂಬುದು ಕಾಣುವುದಿಲ್ಲ. ಎಲ್ಲರಿಗೂ ಅಳಿಸುವ ಅವಕಾಶ ಎರಡು ದಿನಕ್ಕೂ ಹೆಚ್ಚಿದೆ. ತಾನಾಗಿ ಮಾಯವಾಗುವ ಸಂದೇಶಗಳ ಸೆಟ್ಟಿಂಗ್ ಆನ್ ಆಗಿದ್ದರಂತೂ ಮುಗಿದೇಹೋಯಿತು.

ಇಮೇಲ್‌ನ ಸ್ಥಿತಿ ಇದಕ್ಕಿಂತ ಎಷ್ಟೋ ವಾಸಿ, ಆದರೆ ಅದನ್ನು ನಾವೇ ಹಾಳುಮಾಡುತ್ತೇವೆ. ಬಂದ ಇಮೇಲನ್ನು ವಕೀಲರಿಗೆ ಫಾರ್ವರ್ಡ್ ಮಾಡಿದರೆ ಹೋಗುವುದು ನಿಮ್ಮ ಹೊಸ ಇಮೇಲ್. ಹಳೆಯದರ ಹೆಡರ್ ಅದರ ಜೊತೆ ಹೋಗುವುದಿಲ್ಲ. ಜಿಮೇಲ್‌ನಲ್ಲಿ Show original ತೆರೆದು Download Original ಒತ್ತಿದರೆ .eml ಕಡತ ಸಿಗುತ್ತದೆ. ಅದರೊಳಗೆ ಇಂಥ ಸಾಲುಗಳಿರುತ್ತವೆ:

```
Received: from mail.example.com by mx.example.net;
        Mon, 11 Mar 2024 18:42:10 +0000
Date: Tue, 12 Mar 2024 00:12:07 +0530
```

ಒಂದರಲ್ಲಿ ಸೋಮವಾರ, ಇನ್ನೊಂದರಲ್ಲಿ ಮಂಗಳವಾರ. ಇಮೇಲನ್ನು ತಿದ್ದಿದ್ದಾರೆಂದು ಗಾಬರಿಯಾಗಬೇಕಿಲ್ಲ. ಮೊದಲನೆಯದು ಗ್ರೀನಿಚ್ ಸಮಯ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ಮಂಗಳವಾರದ ಮಧ್ಯರಾತ್ರಿ 12 ಗಂಟೆ 12 ನಿಮಿಷ 10 ಸೆಕೆಂಡ್. ಕಳುಹಿಸಿದ ಮೂರೇ ಸೆಕೆಂಡಿನಲ್ಲಿ ತಲುಪಿದೆ. ಕಳುಹಿಸುವವರ ಕಂಪ್ಯೂಟರಿನ ಗಡಿಯಾರ ಬದಲಿಸಿ Date ಸಾಲನ್ನು ಸುಳ್ಳು ಮಾಡಬಹುದು, ಸ್ವೀಕರಿಸುವ ಸರ್ವರ್ ಬರೆದ Received ಸಾಲು ಅವರ ಕೈಯಲ್ಲಿಲ್ಲ. ಎರಡೂ ಹೊಂದಿದರೆ ತಾರೀಖಿನ ತಕರಾರು ಬಹುಮಟ್ಟಿಗೆ ಬಗೆಹರಿಯಿತು. ಹೆಡರ್‌ನಲ್ಲಿ DKIM ಸಹಿಯೂ ಇದ್ದರೆ, ಕಳುಹಿಸಿದ ಡೊಮೇನ್ ಸಹಿ ಹಾಕಿದ ಭಾಗ ಆಮೇಲೆ ಬದಲಾಗಿಲ್ಲವೆಂದು ತಜ್ಞರು ಪರೀಕ್ಷಿಸಿ ಹೇಳಬಹುದು. ಆದರೆ ಕೀಬೋರ್ಡಿನ ಮುಂದೆ ಕೂತವರು ಯಾರೆಂದು ಯಾವ ಹೆಡರೂ ಹೇಳುವುದಿಲ್ಲ. ಅದನ್ನು ಸಂದರ್ಭದಿಂದಲೇ ಸಾಬೀತುಪಡಿಸಬೇಕು.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. 65ಬಿ ಜಾಗದಲ್ಲಿ ಈಗ 63ನೇ ಕಲಮು. ಕಾಯ್ದೆಯ ಅನುಸೂಚಿಯಲ್ಲೇ ಪ್ರಮಾಣಪತ್ರದ ನಮೂನೆ ಬಂದಿದೆ: ಎ ಭಾಗವನ್ನು ದಾಖಲೆ ಕೊಡುವವರು ತುಂಬಬೇಕು, ಬಿ ಭಾಗವನ್ನು ತಜ್ಞರು. ಯಂತ್ರದ ಮಾದರಿ, ಬಣ್ಣ, ಸೀರಿಯಲ್ ನಂಬರ್, ಐಎಂಇಐ ಎಲ್ಲ ಬರೆಯಬೇಕು. ಇದೆಲ್ಲಕ್ಕಿಂತ ದೊಡ್ಡ ಹೊಸತನವೆಂದರೆ ಹ್ಯಾಶ್ ಮೌಲ್ಯ ಕಾನೂನಿನ ನಮೂನೆಯೊಳಗೇ ಬಂದದ್ದು. ಕಡತದ ಪ್ರತಿ ಅಕ್ಷರವನ್ನೂ ಲೆಕ್ಕಕ್ಕೆ ಹಿಡಿದು ಹೊರಬರುವ ಒಂದು ಉದ್ದ ಸಂಖ್ಯೆ ಅದು. ವಿಂಡೋಸ್ ಕಂಪ್ಯೂಟರಿನಲ್ಲಿ ಇಷ್ಟು ಟೈಪಿಸಿದರೆ ಸಾಕು:

```
certutil -hashfile chat.txt SHA256
```

64 ಅಕ್ಷರಗಳ ಒಂದು ಸಾಲು ಬರುತ್ತದೆ. ಕಡತದಲ್ಲಿ ಎರಡು ಮೂರಾದರೂ, ಒಂದು ಖಾಲಿ ಜಾಗ ಸೇರಿದರೂ, ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಎಕ್ಸ್‌ಪೋರ್ಟ್ ಮಾಡಿದ ದಿನವೇ ಹ್ಯಾಶ್ ತೆಗೆದು ಬರೆದಿಟ್ಟು, ವರ್ಷದ ನಂತರ ನ್ಯಾಯಾಲಯದಲ್ಲಿ ಅದೇ ಬಂದರೆ, ನಡುವೆ ಯಾರೂ ಮುಟ್ಟಿಲ್ಲ. ಹ್ಯಾಶ್ ತೆಗೆಯುವುದಕ್ಕೆ ಮೊದಲು ತಿದ್ದಿದ್ದರೆ? ಅದಕ್ಕೆ ಹ್ಯಾಶ್‌ನಲ್ಲಿ ಉತ್ತರವಿಲ್ಲ, ಫೋನಿನಲ್ಲೇ ಇದೆ. ನಮೂನೆಯಲ್ಲಿ SHA256 ಜೊತೆಗೆ MD5, SHA1 ಆಯ್ಕೆಗಳನ್ನೂ ಇಟ್ಟಿರುವುದು ನನಗೆ ಸರಿಕಂಡಿಲ್ಲ. ಒಂದೇ ಹ್ಯಾಶ್ ಬರುವ ಎರಡು ಬೇರೆ ಬೇರೆ ಕಡತಗಳನ್ನು ತಯಾರಿಸಬಹುದೆಂದು MD5ರಲ್ಲಿ 2004ರಲ್ಲೇ, SHA1ರಲ್ಲಿ 2017ರಲ್ಲಿ ತೋರಿಸಿದ್ದಾರೆ. ಆಯ್ಕೆ ನಿಮ್ಮದಾಗಿದ್ದರೆ SHA256 ಆರಿಸಿ. ಬಿ ಭಾಗಕ್ಕೆ ಸಹಿ ಹಾಕಬಲ್ಲ ತಜ್ಞರು ತಾಲ್ಲೂಕು ಕೇಂದ್ರದಲ್ಲಿ ಎಲ್ಲಿ ಸಿಗುತ್ತಾರೆ, ಎರಡು ಲಕ್ಷದ ದಾವೆಗೆ ಅವರ ಶುಲ್ಕ ಕಟ್ಟುವವರು ಯಾರು ಎಂಬುದನ್ನು ಕಾಯ್ದೆ ಬರೆದವರು ಯೋಚಿಸಿದಂತಿಲ್ಲ.

ಕ್ರಿಮಿನಲ್ ಪ್ರಕರಣವಾದರೆ ಆ ಅಸಲು ಫೋನ್ ಪೊಲೀಸರ ಕೈಗೆ ಹೋಗಬಹುದು. ಅವರು ಅದನ್ನು ವಶಪಡಿಸಿಕೊಳ್ಳುವಾಗಿನ ಕ್ರಮವನ್ನು ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಹೇಳಿದೆ. ವಶಕ್ಕೆ ಪಡೆದ ಫೋನಿಗೆ ಹೊರಗಿನ ಸಿಗ್ನಲ್ ತಲುಪದಂತೆ ಅದನ್ನು ಫ್ಯಾರಡೆ ಚೀಲದಲ್ಲಿ ಇಡಬೇಕೆನ್ನುವುದು ಅದರಲ್ಲೊಂದು. ಸಿಗ್ನಲ್ ಸಿಕ್ಕರೆ ದೂರದಿಂದಲೇ ಫೋನನ್ನು ಅಳಿಸಿಬಿಡಬಹುದು.

2024ರ ಜುಲೈ 1ಕ್ಕಿಂತ ಮೊದಲೇ ವಿಚಾರಣೆ ಬಾಕಿ ಇದ್ದ ಪ್ರಕರಣಗಳಿಗೆ ಹಳೆಯ ಅಧಿನಿಯಮವೇ ಅನ್ವಯಿಸುತ್ತದೆ. ನಿಮ್ಮ ಪ್ರಕರಣಕ್ಕೆ ಬೇಕಾದ್ದು 65ಬಿ ಪತ್ರವೋ 63ರ ನಮೂನೆಯೋ ಎಂದು ವಕೀಲರನ್ನು ಮೊದಲೇ ಕೇಳಿ. ತೀರ್ಪು ಬಂದು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಚಾಟ್ ಇರುವ ಹಳೆಯ ಫೋನನ್ನು ಎಕ್ಸ್‌ಚೇಂಜ್ ಆಫರಿಗೆ ಕೊಡಬೇಡಿ, ರೀಸೆಟ್ ಮಾಡಿ ಮಕ್ಕಳ ಕೈಗೂ ಕೊಡಬೇಡಿ.