ಎರಡು ಕಳೆಯುವ ಲೆಕ್ಕ, ಒಂದು ಸ್ವಂತ ಲೆಕ್ಕ: ಹೇಳಿಕೊಡುವವರಿಲ್ಲದ ಮನೆಗೆ ಹೋಂವರ್ಕ್

ಹೋಂವರ್ಕ್ ಹೆಚ್ಚಾದಷ್ಟೂ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಕಿರಿಯ ತರಗತಿಗಳಲ್ಲಿ ಗಟ್ಟಿ ಆಧಾರವಿಲ್ಲ. ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಅಮೆರಿಕದ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹೋಂವರ್ಕಿಗೂ ಕಲಿಕೆಯ ಮಟ್ಟಕ್ಕೂ ಇರುವ ನಂಟು ಏಳನೇ ತರಗತಿಯಿಂದ ಮೇಲೆ ಬಲವಾಗಿಯೂ ಅದಕ್ಕಿಂತ ಕೆಳಗೆ ದುರ್ಬಲವಾಗಿಯೂ ಕಂಡಿತು. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಎರಡನೇ ತರಗತಿಯವರೆಗೆ ಹೋಂವರ್ಕೇ ಬೇಡ ಎನ್ನುತ್ತದೆ; ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಆರು ದಿನಕ್ಕೆ ಹಂಚಿದರೆ ಎಲ್ಲ ವಿಷಯಗಳಿಗೂ ಸೇರಿ ದಿನಕ್ಕೆ 20 ನಿಮಿಷ. ಗಣಿತದ ಪಾಲಿಗೆ ಏಳೆಂಟು ನಿಮಿಷ ದಕ್ಕಿದರೆ ಹೆಚ್ಚು. ಅಷ್ಟರಲ್ಲಿ ಏನು ಕೊಡಬೇಕು ಎಂಬುದನ್ನು ಒಂದೇ ಪಾಠವನ್ನು ಹಿಡಿದು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಆ ಪಾಠ, ಹತ್ತರ ಸ್ಥಾನದಿಂದ ಒಂದನ್ನು ತೆಗೆದುಕೊಂಡು ಕಳೆಯುವುದು. ಇದರಲ್ಲಿ ಮಕ್ಕಳ ತಪ್ಪುಗಳು ಮನಬಂದಂತೆ ಇರುವುದಿಲ್ಲ, ಅವುಗಳಿಗೂ ಒಂದು ಕ್ರಮವಿದೆ ಎಂದು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ತೋರಿಸಿದ್ದರು. ಮುಖ್ಯವಾದ ಮೂರನ್ನು ನೋಡೋಣ. ಒಂದು, ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದು. ಎರಡು, ಹತ್ತರಿಂದ ತೆಗೆದುಕೊಂಡರೂ ಅಲ್ಲಿ ಒಂದನ್ನು ಕಡಿಮೆ ಮಾಡದಿರುವುದು. ಮೂರು, ಬೇಕಿಲ್ಲದ ಕಡೆಯೂ ತೆಗೆದುಕೊಳ್ಳುವುದು.

ಇಲ್ಲಿ ಅಂಕಿಗಳ ಆಯ್ಕೆಯೇ ನಿರ್ಣಾಯಕ. 52ರಲ್ಲಿ 27 ಕಳೆಯಲು ಕೊಟ್ಟೆವು ಎನ್ನಿ. ಮೊದಲ ತಪ್ಪು ಮಾಡಿದ ಮಗು 35 ಎಂದು ಬರೆಯುತ್ತದೆ. ಎರಡನೆಯ ತಪ್ಪು ಮಾಡಿದ ಮಗುವೂ 35 ಎಂದೇ ಬರೆಯುತ್ತದೆ. ಬಿಡಿ ಅಂಕಿಗಳ ವ್ಯತ್ಯಾಸ 5 ಆದಾಗಲೆಲ್ಲ ಹೀಗಾಗುತ್ತದೆ. ಉತ್ತರ ನೋಡಿ ಕಾರಣ ತಿಳಿಯುವಂತಿಲ್ಲ. ಅದರ ಬದಲು 71ರಲ್ಲಿ 38 ಕೊಟ್ಟರೆ ಸರಿಯುತ್ತರ 33, ಮೊದಲ ತಪ್ಪಿಗೆ 47, ಎರಡನೆಯದಕ್ಕೆ 43. ಜೊತೆಗೆ 74ರಲ್ಲಿ 32 ಕೊಡಬೇಕು. ಇಲ್ಲಿ ತೆಗೆದುಕೊಳ್ಳುವ ಅಗತ್ಯವಿಲ್ಲ, ಉತ್ತರ 42. ಆದರೂ ತೆಗೆದುಕೊಂಡ ಮಗು 312 ಎಂದು ಬರೆದು ತರುತ್ತದೆ. ಒಂದೇ ಬಗೆಯ ಹತ್ತು ಲೆಕ್ಕ ಕೊಟ್ಟಿದ್ದರೆ ಈ ಮೂರನೆಯ ತಪ್ಪು ಕಣ್ಣಿಗೇ ಬೀಳುತ್ತಿರಲಿಲ್ಲ.

ಮನೆಯಲ್ಲಿ ತಪ್ಪು ತಿದ್ದುವವರು ಯಾರು? ಅಪ್ಪ ಅಮ್ಮ ಕೂಲಿಯಿಂದ ಬರುವಾಗ ಕತ್ತಲಾಗಿರಬಹುದು, ಓದು ಬಾರದಿರಬಹುದು, ಮನೆಮಾತು ಲಂಬಾಣಿಯೋ ಉರ್ದುವೋ ಆಗಿರಬಹುದು. ಆದ್ದರಿಂದ ತಾಳೆ ನೋಡುವ ಕೆಲಸವನ್ನು ಲೆಕ್ಕದೊಳಗೇ ಇಡಬೇಕು: ಬಂದ ಉತ್ತರಕ್ಕೆ ಕಳೆದ ಸಂಖ್ಯೆಯನ್ನು ಕೂಡಿದರೆ ಮೊದಲಿನ ಸಂಖ್ಯೆ ಬರಬೇಕು. 47ಕ್ಕೆ 38 ಕೂಡಿದರೆ 85, 71 ಅಲ್ಲ. ತಪ್ಪಾಗಿದೆ ಎಂದು ಮಗುವಿಗೆ ಗೊತ್ತಾಗುತ್ತದೆ, ಎಲ್ಲಿ ತಪ್ಪಿದೆ ಎಂದು ಗೊತ್ತಾಗದಿರಬಹುದು. ಆಗ ಅಳಿಸದೆ, ಉತ್ತರದ ಸುತ್ತ ಗೆರೆ ಎಳೆದು ಹಾಗೇ ತರಬೇಕು. ಇದನ್ನು ತರಗತಿಯಲ್ಲೇ ಹೇಳಿ ರೂಢಿ ಮಾಡಿಸಬೇಕು, ಏಕೆಂದರೆ ಅಳಿಸಿದ ತಪ್ಪಿನಿಂದ ಶಿಕ್ಷಕರಿಗೆ ಏನೂ ತಿಳಿಯುವುದಿಲ್ಲ.

ಈ ಎರಡು ಲೆಕ್ಕಗಳ ಜೊತೆಗೆ ಕೊಡುವ ಮೂರನೆಯ ಪ್ರಶ್ನೆ ಪಾಠವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ: ‘ಹತ್ತರಿಂದ ತೆಗೆದುಕೊಳ್ಳಲೇಬೇಕಾದ ಒಂದು ಲೆಕ್ಕವನ್ನು ನೀನೇ ಮಾಡಿಕೊಂಡು ಬಾ.’ ಮೇಲಿನ ಬಿಡಿ ಅಂಕಿ ಕೆಳಗಿನದಕ್ಕಿಂತ ಚಿಕ್ಕದಿರಬೇಕು ಎಂಬುದು ಅರ್ಥವಾಗದೆ ಇದನ್ನು ಬೇಕೆಂದು ಮಾಡಲು ಬಾರದು. ಪ್ರತಿಯೊಬ್ಬರ ಲೆಕ್ಕವೂ ಬೇರೆಯಾಗಿರಬೇಕಾದ್ದರಿಂದ ನಕಲು ಮಾಡಿದ್ದು ಸುಲಭವಾಗಿ ಗೊತ್ತಾಗುತ್ತದೆ.

ಹೊರೆಯಾಗದಂತೆ ನೋಡಿಕೊಳ್ಳಲು ಎರಡು ಎಚ್ಚರಿಕೆ ಸಾಕು. ನೋಟ್‌ಬುಕ್ಕು, ಪೆನ್ಸಿಲ್ ಬಿಟ್ಟು ಬೇರೇನೂ ಬೇಕಾಗಬಾರದು. ಚಾರ್ಟು, ಪ್ರಿಂಟು, ಮೊಬೈಲು ಕೇಳುವ ಕೆಲಸ ದುಡ್ಡನ್ನೋ ದೊಡ್ಡವರ ಸಮಯವನ್ನೋ ಕೇಳುತ್ತದೆ. ಮತ್ತೆ, ಗಂಟೆ ಹೊಡೆಯುವ ಐದು ನಿಮಿಷ ಮೊದಲೇ ಮೊದಲ ಲೆಕ್ಕವನ್ನು ತರಗತಿಯಲ್ಲಿ ಶುರುಮಾಡಿಸಿ, ಏನು ಮಾಡಬೇಕೆಂದು ಒಂದಿಬ್ಬರಿಂದ ಹೇಳಿಸಬೇಕು. ಅಲ್ಲಿ ತಡವರಿಸಿದ ಮಗು ಮನೆಯಲ್ಲಿ ಒಂಟಿಯಾಗಿ ಮಾಡಲಾರದು. ಆ ಮಗುವಿಗೆ 74ರ ಲೆಕ್ಕವೊಂದೇ ಸಾಕು. ಪುಸ್ತಕದಲ್ಲಿ ದೊಡ್ಡವರ ಕೈಬರಹ ಕಂಡರೆ, ಅನೇಕರು ಒಂದೇ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದರೆ, ಕೊಟ್ಟ ಕೆಲಸ ಮಕ್ಕಳ ಕೈಮೀರಿದೆ ಎಂದರ್ಥ.

ಮರುದಿನ ಬೆಳಿಗ್ಗೆ ಶಿಕ್ಷಕರು 47, 43, 312 ಬರೆದವರನ್ನು ಮೂರು ಗುಂಪು ಮಾಡಿಕೊಳ್ಳಬಹುದು. 47ರ ಗುಂಪಿಗೆ ಕಡ್ಡಿಯ ಕಟ್ಟು ಬಿಚ್ಚಿ ತೋರಿಸಬೇಕು. 43ರ ಗುಂಪಿಗೆ ಕಟ್ಟು ಬಿಚ್ಚಿದ ಮೇಲೆ ಉಳಿದ ಕಟ್ಟುಗಳನ್ನು ಎಣಿಸಲು ಹೇಳಬೇಕು. 312ರ ಗುಂಪನ್ನು ಯಾವಾಗ ಬಿಚ್ಚಬೇಕಿಲ್ಲ ಎಂಬುದನ್ನು ಕೇಳಬೇಕು.

ಈ ವಿಧಾನಕ್ಕೂ ಮಿತಿಯಿದೆ. ಸರಿ ತಪ್ಪು ಲೆಕ್ಕದಲ್ಲೇ ತಾಳೆಯಾಗುವ ಪಾಠಗಳಿಗೆ ಇದು ಒಗ್ಗುತ್ತದೆ. ಪ್ರಬಂಧ ಬರೆಯುವಂಥ ಕೆಲಸಕ್ಕೆ ಹಾಗೇ ಅನ್ವಯಿಸದು. ಕೂಡುವುದು ಇನ್ನೂ ಕೈಗೂಡದ ಮಗುವಿಗೆ ತಾಳೆಯೂ ತಪ್ಪುತ್ತದೆ. ಆದರೂ ಒಂದು ಮಾತು ಖಚಿತ: ಮರುದಿನ ಶಿಕ್ಷಕರು ನೋಡಿ ಪಾಠ ಬದಲಿಸದ ಹೋಂವರ್ಕನ್ನು ಕೊಡದಿರುವುದೇ ಮೇಲು.