ಖಾನಾಪುರ ತಾಲ್ಲೂಕಿನ ಗ್ರಾಮ ಸಭೆಗಳು

ಬೆಳಗಾವಿ ನಗರದ ದಕ್ಷಿಣಕ್ಕಿರುವ ಖಾನಾಪುರ, ಬೆಳಗಾವಿ ಜಿಲ್ಲೆಯ ಮಲೆನಾಡು ತಾಲ್ಲೂಕು. ಮಲಪ್ರಭಾ ನದಿ ಹುಟ್ಟುವ ಕಣಕುಂಬಿ, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಕಾಡು ಇಲ್ಲಿಯವು. ಹಲವೆಡೆ ಒಂದೇ ಗ್ರಾಮ ಪಂಚಾಯಿತಿಯೊಳಗೆ ದೂರದೂರದ ಊರುಗಳೂ ವಾಡಿಗಳೂ ಸೇರಿರುತ್ತವೆ. ಮರಾಠಿ ಮಾತನಾಡುವವರು, ಗವಳಿಗಳು, ಸಿದ್ದಿಗಳು, ಭೂಮಿಯಿಲ್ಲದ ಕೂಲಿಕಾರರು ಇರುವ ಈ ತಾಲ್ಲೂಕಿನಲ್ಲಿ ಊರಿನ ತೀರ್ಮಾನಗಳಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಮೀಸಲು ಸ್ಥಾನಗಳ ಜೊತೆಗೆ ಸಭೆ ಎಲ್ಲಿ, ಯಾವಾಗ ನಡೆಯುತ್ತದೆ ಎಂಬುದನ್ನೂ ಅವಲಂಬಿಸಿದೆ.

ಮೀಸಲಾತಿ

ಅಬ್ದುಲ್ ನಜೀರ್ ಸಾಬ್ ಅವರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರೂಪುಗೊಂಡ 1983ರ ಪಂಚಾಯಿತಿ ಕಾಯ್ದೆಯ ಪ್ರಕಾರ 1987ರಲ್ಲಿ ಚುನಾವಣೆ ನಡೆದು, ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ದೊರೆಯಿತು. ಸಂವಿಧಾನದ 73ನೇ ತಿದ್ದುಪಡಿಯ ನಂತರ ಬಂದ 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ಮೂರನೇ ಒಂದಕ್ಕೆ ಏರಿಸಿತು. 2010ರ ತಿದ್ದುಪಡಿಯಿಂದ ಅದು ಅರ್ಧಕ್ಕೆ ಬಂತು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ತಕ್ಕಂತೆ ಸ್ಥಾನಗಳಿವೆ.

ಪರಿಶಿಷ್ಟರ ಪಟ್ಟಿಯಲ್ಲಿ ಸಮುದಾಯದ ಹೆಸರಿದ್ದರೆ ಮಾತ್ರ ಈ ಸ್ಥಾನಗಳಿಗೆ ಸ್ಪರ್ಧಿಸಬಹುದು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಆ ಮಾನ್ಯತೆ ಸಿಕ್ಕಿದ್ದು 2020ರಲ್ಲಿ. ನಡುವಿನ ವರ್ಷಗಳಲ್ಲಿ ಹಳಿಯಾಳ ತಾಲ್ಲೂಕಿನ ಸಿದ್ದಿ ಮಹಿಳೆ ಪಂಗಡದ ಸ್ಥಾನಕ್ಕೆ ನಿಲ್ಲಬಹುದಿತ್ತು. ಪಕ್ಕದ ಖಾನಾಪುರದಲ್ಲಿದ್ದ ಅದೇ ಸಮುದಾಯದವಳಿಗೆ ಆ ಅವಕಾಶವಿರಲಿಲ್ಲ.

ವಾರ್ಡ್ ಸಭೆ, ಗ್ರಾಮ ಸಭೆ

ಎರಡೂ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ವಾರ್ಡ್ ಸಭೆ ತನ್ನ ಬೇಡಿಕೆಗಳನ್ನೂ ಫಲಾನುಭವಿಗಳ ಹೆಸರುಗಳನ್ನೂ ಮುಂದಿಡುತ್ತದೆ, ಗ್ರಾಮ ಸಭೆ ಅವನ್ನು ಒಟ್ಟುಗೂಡಿಸುತ್ತದೆ. ವಾರ್ಡ್ ಸಭೆಯ ಕೋರಂ ಮತದಾರರ ಶೇ 10 ಅಥವಾ 20 ಜನ, ಯಾವುದು ಕಡಿಮೆಯೋ ಅದು. ಗ್ರಾಮ ಸಭೆಗೆ ಶೇ 10 ಅಥವಾ 100 ಜನ, ಪ್ರತಿ ವಾರ್ಡಿನಿಂದ ಕನಿಷ್ಠ 10 ಮಂದಿ. ಎರಡರಲ್ಲೂ ಶೇ 30ರಷ್ಟು ಮಹಿಳೆಯರು ಇರಬೇಕು.

600 ಮತದಾರರ ವಾರ್ಡಿನಲ್ಲಿ 6 ಮಹಿಳೆಯರು ಸೇರಿ 20 ಜನ ಬಂದರೆ ಸಭೆ ಊರ್ಜಿತ. ಪಂಚಾಯಿತಿ ಕಚೇರಿ ಇರುವ ಊರಿನಲ್ಲಿ, ಕೂಲಿಯ ಹೊತ್ತಿನಲ್ಲಿ ಸಭೆ ಕರೆದರೆ ಆ 20 ಮಂದಿ ಕಚೇರಿಯ ಸುತ್ತಮುತ್ತಲಿನವರೇ ಆಗಿಬಿಡಬಹುದು. ನಡಾವಳಿಯ ಭಾಷೆ ಕನ್ನಡ. ಮರಾಠಿ ಮನೆಮಾತಿನ, ಶಾಲೆ ಕಾಣದ ಹೆಂಗಸಿಗೆ ತನ್ನ ಬೇಡಿಕೆ ಅದರಲ್ಲಿ ಸೇರಿತೋ ಇಲ್ಲವೋ ಎಂದು ಇನ್ನೊಬ್ಬರು ಓದಿ ಹೇಳಬೇಕು.

ಸಭೆ ಕಾಗದದ ಮೇಲಷ್ಟೇ ನಡೆದಿದೆಯೇ ಎಂಬುದನ್ನು ಹಾಜರಿ ಪುಸ್ತಕವೇ ಹೇಳುತ್ತದೆ. ಸಹಿಗಳೆಲ್ಲ ಒಂದೇ ಕೇರಿಯವು, ಹೆಬ್ಬೆಟ್ಟುಗಳ ಪಕ್ಕದ ಹೆಸರುಗಳೆಲ್ಲ ಒಂದೇ ಕೈಬರಹದವು, ಪ್ರತಿ ವಿಷಯದ ಮುಂದೆಯೂ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಿದೆ, ಯಾರು ಏನು ಕೇಳಿದರು ಎಂಬ ಸುಳಿವೇ ಇಲ್ಲ ಎಂದಾದರೆ ಪುಸ್ತಕ ಮನೆಮನೆಗೆ ಹೋಗಿ ಬಂದಿರುವ ಸಾಧ್ಯತೆ ಹೆಚ್ಚು. ಸದಸ್ಯೆಯ ಬದಲು ಗಂಡ ಕುಳಿತು ಮಾತನಾಡುವುದು ಮತ್ತೊಂದು ಪರಿಚಿತ ಲೋಪ.

ಕೂಲಿ ಕೇಳುವ ಅರ್ಜಿ

ಜಾಗೃತಿ ಮಹಿಳಾ ಒಕ್ಕೂಟವು ಖಾನಾಪುರ ಭಾಗದ ಕೂಲಿ ಮಹಿಳೆಯರನ್ನು ಪಡಿತರ, ಸಾರಾಯಿ, ಉದ್ಯೋಗ ಖಾತರಿಯ ಪ್ರಶ್ನೆಗಳ ಸುತ್ತ ಸಂಘಟಿಸಿತು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಇಂಥ ಗುಂಪುಗಳ ಕೈಗೆ ಸಿಕ್ಕ ಹತಾರ ‘ನಮೂನೆ 6’, ಅಂದರೆ ಕೆಲಸ ಕೇಳುವ ಅರ್ಜಿ. ಅರ್ಜಿ ಕೊಟ್ಟು ದಿನಾಂಕವಿರುವ ಸ್ವೀಕೃತಿ ಪಡೆದರೆ 15 ದಿನದೊಳಗೆ ಕೆಲಸ ಕೊಡಬೇಕಿತ್ತು. ಇಲ್ಲವಾದರೆ ಮೊದಲ 30 ದಿನ ಕೂಲಿಯ ಕಾಲುಭಾಗ, ನಂತರ ಅರ್ಧಭಾಗಕ್ಕೆ ಕಡಿಮೆಯಿಲ್ಲದಂತೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಕಾಯ್ದೆ ಹೇಳಿತ್ತು. ಬಾಯಿಮಾತಿನಲ್ಲಿ ಕೇಳಿದವರಿಗೆ 15 ದಿನಗಳ ಲೆಕ್ಕ ಎಲ್ಲಿಂದ ಶುರು ಎಂದು ತೋರಿಸಲು ಏನೂ ಇರುತ್ತಿರಲಿಲ್ಲ. ಹೀಗಾಗಿ ಕೆಲಸಕ್ಕಿಂತ ಮೊದಲು ಸ್ವೀಕೃತಿಗಾಗಿಯೇ ಪಟ್ಟು ಹಿಡಿಯಬೇಕಾಗುತ್ತಿತ್ತು.

ಕಾಡಿನ ಊರುಗಳು

2006ರ ಅರಣ್ಯ ಹಕ್ಕು ಕಾಯ್ದೆಯ ಗ್ರಾಮ ಸಭೆ ಬೇರೆ ಬಗೆಯದು. ಅದನ್ನು ವಾಡಿಯ ಮಟ್ಟದಲ್ಲೂ ಕರೆಯಬಹುದು. 2012ರ ನಿಯಮಗಳಂತೆ ವಯಸ್ಕರಲ್ಲಿ ಅರ್ಧದಷ್ಟು ಜನ ಸೇರಬೇಕು, ಸೇರಿದವರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು. 60 ವಯಸ್ಕರ ವಾಡಿಯಲ್ಲಿ ಕನಿಷ್ಠ 30 ಜನ, ಅವರಲ್ಲಿ 10 ಹೆಂಗಸರು. ಪಂಚಾಯಿತಿಯ ಗ್ರಾಮ ಸಭೆಯಲ್ಲಿ ನೂರರಲ್ಲಿ ಕರಗಿಹೋಗುವ ಈ ಜನ ಇಲ್ಲಿ ಇಡೀ ಸಭೆಯೇ ಆಗಿರುತ್ತಾರೆ.

ಮಿತಿಯೂ ಇದೆ. ಗವಳಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದ ಕಾರಣ, 2005ರ ಡಿಸೆಂಬರ್ 13ಕ್ಕೆ ಮುಂಚಿನ 75 ವರ್ಷಗಳ ವಾಸಕ್ಕೆ ಪುರಾವೆ ಒದಗಿಸಬೇಕು. ಎಮ್ಮೆಗಳೊಂದಿಗೆ ಕಾಡಿನಲ್ಲಿ ಬದುಕಿದವರ ಮನೆಯಲ್ಲಿ ಅಷ್ಟು ಹಳೆಯ ಕಾಗದ ಸಿಗುವುದು ಕಷ್ಟ. ನಿಯಮಗಳು ಹಿರಿಯರ ಲಿಖಿತ ಹೇಳಿಕೆಯನ್ನೂ ಪುರಾವೆಯೆಂದು ಒಪ್ಪುತ್ತವೆ. ಆದರೆ ಅದೊಂದೇ ಸಾಲದು, ಮತ್ತೊಂದು ಬಗೆಯ ಸಾಕ್ಷ್ಯವೂ ಜೊತೆಗಿರಬೇಕು. ವನ್ಯಜೀವಿಧಾಮದಿಂದ ಹಕ್ಕುದಾರರನ್ನು ಸ್ಥಳಾಂತರಿಸುವಾಗ ಗ್ರಾಮ ಸಭೆಯ ಲಿಖಿತ ಒಪ್ಪಿಗೆ ಬೇಕೆಂದು ಇದೇ ಕಾಯ್ದೆ ಹೇಳುತ್ತದೆ. ಭೀಮಗಡದ ಊರುಗಳ ಪಾಲಿಗೆ ಅತಿ ದೊಡ್ಡ ತೀರ್ಮಾನ ಇದೇ ಆಗಿರುವುದರಿಂದ, ಆ ಸಭೆ ವಾಡಿಯಲ್ಲೇ ನಡೆಯಿತೇ, ಹೆಂಗಸರು ಅದರಲ್ಲಿದ್ದರೇ ಎಂಬುದು ಒಪ್ಪಿಗೆಯ ಸಿಂಧುತ್ವಕ್ಕೇ ತಗಲುವ ಪ್ರಶ್ನೆ.