ಮುದ್ರೆ ಕದ್ದವನ ಟಿಕೆಟ್

ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆ ಕ್ಯಾಂಪಸ್ಸಿನ ತುಂಬ ಕಂಪ್ಯೂಟರುಗಳನ್ನಿಟ್ಟು ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟಿತು. ತಂತಿಯಲ್ಲಿ ಹರಿಯುವುದನ್ನು ಯಾರು ಬೇಕಾದರೂ ಕದ್ದು ಕೇಳಬಹುದಿತ್ತು. ಹಾಗಾಗಿ ಪಾಸ್‌ವರ್ಡ್ ತಂತಿಗೆ ಇಳಿಯಲೇಬಾರದು. ನೀಡಮ್ ಮತ್ತು ಶ್ರೋಡರ್ 1978ರಲ್ಲಿ ಬರೆದಿದ್ದ ಪ್ರಬಂಧವೊಂದರ ಮೇಲೆ ಸ್ಟೀವ್ ಮಿಲ್ಲರ್, ಕ್ಲಿಫರ್ಡ್ ನ್ಯೂಮನ್ ಮುಂತಾದವರು ಕಟ್ಟಿದ ಪರಿಹಾರಕ್ಕೆ ಗ್ರೀಕ್ ಪುರಾಣದ ಮೂರು ತಲೆಯ ಕಾವಲು ನಾಯಿಯ ಹೆಸರು ಬಂತು: ಕರ್ಬರೋಸ್.

ಮೈಕ್ರೋಸಾಫ್ಟ್ ಅದನ್ನು ವಿಂಡೋಸ್ 2000ಕ್ಕೆ ತಂದುಕೊಂಡಿತು. ಹೈದರಾಬಾದಿನ ಉಪ್ಪಲ್‌ನ ಯಾವುದೋ ಕಚೇರಿಯಲ್ಲಿ ಇಂದು ಬೆಳಿಗ್ಗೆ ಒಬ್ಬರು ವಿಂಡೋಸ್ ಡೊಮೈನಿಗೆ ಲಾಗಿನ್ ಆದರೆ ಸಾಮಾನ್ಯವಾಗಿ ನಡೆಯುವುದು ಇದೇ. ಅವರ ಕಂಪ್ಯೂಟರು ಪಾಸ್‌ವರ್ಡಿನಿಂದ ಹುಟ್ಟಿದ ಕೀಲಿಯಿಂದ ಆ ಕ್ಷಣದ ಗಡಿಯಾರದ ಹೊತ್ತನ್ನು ಗೂಢಲಿಪಿಗಿಳಿಸಿ ಡೊಮೈನ್ ಕಂಟ್ರೋಲರಿಗೆ ಕಳಿಸುತ್ತದೆ. ಕಂಟ್ರೋಲರ್ ತನ್ನ ಬಳಿಯಿರುವ ಅದೇ ಕೀಲಿಯಿಂದ ಅದನ್ನು ಬಿಡಿಸಿ ನೋಡಿ, ಒಂದು ತಾಯಿ ಟಿಕೆಟ್ ಕೊಡುತ್ತದೆ. ಅದರೊಳಗೆ ಹೆಸರು, ಯಾವ ಯಾವ ಗುಂಪಿನ ಸದಸ್ಯರು, ಅವಧಿ ಎಷ್ಟು (ಸಾಮಾನ್ಯವಾಗಿ 10 ಗಂಟೆ) ಎಂಬುದಿರುತ್ತದೆ. ಈ ಟಿಕೆಟ್ಟಿಗೆ ಬೀಗ ಹಾಕುವುದು `krbtgt` ಎಂಬ, ಯಾರೂ ಲಾಗಿನ್ ಆಗದ ಖಾತೆಯೊಂದರ ಕೀಲಿ. ಟಿಕೆಟ್ ಹಿಡಿದುಕೊಂಡವರಿಗೂ ಅದನ್ನು ಬಿಚ್ಚಲಾಗದು. ಫೈಲ್ ಸರ್ವರ್ ಬೇಕಾದಾಗ ಅದನ್ನೇ ತೋರಿಸಿ, ಆ ಸರ್ವರಿಗೆಂದೇ ಇನ್ನೊಂದು ಟಿಕೆಟ್ ಪಡೆಯುತ್ತಾರೆ.

ಸೊಗಸೂ ಅಪಾಯವೂ ಇರುವುದು ಒಂದೇ ಕಡೆ. ಕೊಟ್ಟ ಟಿಕೆಟ್ಟುಗಳ ಲೆಕ್ಕವನ್ನು ಕಂಟ್ರೋಲರ್ ಇಟ್ಟುಕೊಳ್ಳುವುದಿಲ್ಲ. ಟಿಕೆಟ್ ಮರಳಿ ಬಂದಾಗ "ಇದನ್ನು ನಾನು ಕೊಟ್ಟಿದ್ದೆನೇ?" ಎಂದು ಕಡತ ತೆಗೆದು ನೋಡದೆ, ತನ್ನ ಕೀಲಿಗೆ ಅದು ಬಿಚ್ಚಿಕೊಂಡಿತೇ ಎಂದಷ್ಟೇ ನೋಡುತ್ತದೆ. ಸಾವಿರಾರು ಜನರ ಜಾಲದಲ್ಲಿ ಹಲವು ಕಂಟ್ರೋಲರುಗಳು ಪರಸ್ಪರ ವಿಚಾರಿಸದೆ ಕೆಲಸ ಮಾಡುವುದು ಇದರಿಂದಲೇ.

ಹಾಗಾದರೆ ಆ ಕೀಲಿ ಕಳ್ಳನ ಕೈಗೆ ಸಿಕ್ಕರೆ? ಫ್ರಾನ್ಸಿನ ಬೆಂಜಮಿನ್ ಡೆಲ್ಪಿ ಬರೆದ ಮಿಮಿಕ್ಯಾಟ್ಜ್ ಎಂಬ ಉಪಕರಣ ಅದನ್ನೇ ತೋರಿಸಿತು. ಅಂಥ ಟಿಕೆಟ್ಟಿಗೆ 'ಗೋಲ್ಡನ್ ಟಿಕೆಟ್' ಎಂಬ ಹೆಸರೂ ಬಂತು. ಕಳ್ಳ ಮೊದಲು ಕಂಟ್ರೋಲರಿನಷ್ಟೇ ಅಧಿಕಾರ ಗಳಿಸಿ ಕೀಲಿಯನ್ನು ಕದಿಯಬೇಕು. ಅದೇನೂ ಸಣ್ಣ ಕೆಲಸವಲ್ಲ. ಆಮೇಲೆ ಮಾತ್ರ ಯಾರನ್ನೂ ಕೇಳಬೇಕಿಲ್ಲ. ತಾನು ಡೊಮೈನ್ ಅಡ್ಮಿನ್ ಗುಂಪಿನವನು ಎಂದು ತಾನೇ ಬರೆದು, ಹತ್ತು ವರ್ಷದ ಅವಧಿ ಹಾಕಿ ಬೀಗ ಜಡಿಯುತ್ತಾನೆ. ಕಂಟ್ರೋಲರ್ ಆ ಗುಂಪಿನ ವಿವರವನ್ನು ಮುಂದಿನ ಟಿಕೆಟ್ಟಿಗೆ ನಕಲು ಮಾಡಿಕೊಡುತ್ತದೆ.

ಪತ್ತೆಗೆ ಸುಳಿವು ದಾಖಲೆಯಲ್ಲಿರುತ್ತದೆ. ತಾಯಿ ಟಿಕೆಟ್ ಕೊಟ್ಟಾಗ 4768, ಸರ್ವರಿನ ಟಿಕೆಟ್ ಕೊಟ್ಟಾಗ 4769 ಎಂಬ ಸಂಖ್ಯೆಯ ನಮೂದು ಬೀಳುತ್ತದೆ. ಎಲ್ಲ ಕಂಟ್ರೋಲರುಗಳ ದಾಖಲೆ ಜೋಡಿಸಿ ನೋಡಿದರೂ 4768 ಇಲ್ಲದೆ 4769 ಮಾತ್ರ ಕಂಡರೆ ಅನುಮಾನ ಪಡಬೇಕು.

ಅಡ್ಮಿನ್‌ಗಳ ಪಾಸ್‌ವರ್ಡ್ ಬದಲಿಸಿದರೆ ನಕಲಿ ಟಿಕೆಟ್ ಸಾಯದು. `krbtgt` ಖಾತೆಯದನ್ನೇ ಬದಲಿಸಬೇಕು, ಅದೂ ಎರಡು ಸಲ. ಹಳೆಯ ಟಿಕೆಟ್ಟುಗಳು ನಡುವೆ ಕೆಡದಿರಲೆಂದು ಕಂಟ್ರೋಲರ್ ಹಿಂದಿನ ಕೀಲಿಯನ್ನೂ ಒಪ್ಪುತ್ತದೆ; ಒಂದೇ ಸಲ ಬದಲಿಸಿದರೆ ಕಳ್ಳನ ಕೀಲಿ 'ಹಿಂದಿನದು' ಆಗಿ ಉಳಿಯುತ್ತದೆ. ಎರಡು ಬದಲಾವಣೆಗಳ ನಡುವೆ 10 ಗಂಟೆಗಿಂತ ಹೆಚ್ಚು ಕಾಯದಿದ್ದರೆ ಉಪ್ಪಲ್‌ನ ಆ ಕಚೇರಿಯ ಪ್ರಾಮಾಣಿಕ ಟಿಕೆಟ್ಟುಗಳೂ ಮಧ್ಯಾಹ್ನದ ಹೊತ್ತಿಗೆ ತಿರಸ್ಕೃತವಾಗುತ್ತವೆ.